ವಿಜಯಪುರದ ಬ್ಯಾಸಗ್ಯಾಗ ಕೆಫಿರ್ ಗ್ರೇನ್ಸ್ ಉಳಸ್ಕೊಂಡಿದ್ದು, ಮತ್ತ ಮೈಸೂರಿಗೆ ಒಯ್ದಿದ್ದು

ಕೆಫಿರ್ ಅಂದ್ರ ಗ್ರೇನ್ಸ್ ಅನ್ನೋ ಕಾಳು ಹಾಕಿ ಹಾಲು ಹುಳಿ ಬರಿಸಿ ಮಾಡೋ, ಮಸರಿನಂಥ ಕುಡಿಯೋ ಪದಾರ್ಥ. ಅದರ ಬಗ್ಗೆ ಎಲ್ಲಿ ಓದಿದ್ರೂ ಒಂದ ಮಾತು ಇರ್ತೈತಿ, ಒಂದು ದೊಡ್ಡ ಚಮಚ ಗ್ರೇನ್ಸಿಗೆ ಒಂದೆರಡು ಕಪ್ ಹಾಲು, 24 ತಾಸು ಇಡ್ರಿ ಅಂತ. ಆ 24 ತಾಸಿನ ಲೆಕ್ಕ 20ರಿಂದ 25 ಡಿಗ್ರಿ ಇರೋ ಅಡಗಿಮನಿಗೆ ಹೇಳಿದ್ದು. ನಮ್ಮ ವಿಜಯಪುರದಾಗ ಡಿಸೆಂಬರ್ ಜನವರಿಯೊಳಗ ಅದು ಸರಿ ಹೊಂದತೈತಿ, ಆದ್ರ ಏಪ್ರಿಲ್ ಬಂತಂದ್ರ ಮ್ಯಾಲಿನ ಮಹಡಿ ಮನಿ, ಸ್ಲ್ಯಾಬ್ ಹಗಲೆಲ್ಲಾ ಕಾದು ಮಧ್ಯಾಹ್ನ ಅಡಗಿಮನ್ಯಾಗ ಥರ್ಮಾಮೀಟರ್ 36 ತೋರಸ್ತೈತಿ, ರಾತ್ರಿ ಹತ್ತಾದ್ರೂ 31ರ ಕೆಳಗ ಇಳಿಯೂದಿಲ್ಲ. ಅಲ್ಲಿ ಗಡಿಯಾರ ನೋಡ್ಕೊಂತ ಕೂತ್ರ ಗ್ರೇನ್ಸ್ ಉಳಿಯೂದಿಲ್ಲ.

ಮೊದಲು ಶಾಖಾ ಏನ್ ಮಾಡ್ತೈತಿ ಹೇಳ್ತೀನಿ, ಅದು ಗೊತ್ತಾದ್ರ ಉಳಿದಿದ್ದೆಲ್ಲಾ ನಿಮಗ ನೀವ ಲೆಕ್ಕಾ ಹಾಕಬಹುದು. ಗ್ರೇನ್ಸ್ ಅಂದ್ರ ಬ್ಯಾಕ್ಟೀರಿಯಾ ಮತ್ತ ಈಸ್ಟ್ ಎರಡೂ ಕೂಡಿ ಒಂದು ಅಂಟಿನೊಳಗ ಬದುಕಿರೋ ಗುಂಪು, ಆ ಅಂಟಿಗೆ ಕೆಫಿರಾನ್ ಅಂತಾರ, ಅದನ್ನ ಕಟ್ಟೋ ಬ್ಯಾಕ್ಟೀರಿಯಾಕ್ಕ 25ರ ಆಸುಪಾಸು ಇದ್ರ ಚಲೋ. ರೂಮ್ 33-35ಕ್ಕ ಏರಿದ್ರ ಹುಳಿ ಮಾಡೋ ಕೆಲಸ ಭಾಳ ಜೋರ್ ಆಗ್ತೈತಿ, ಅಂಟು ಕಟ್ಟೋ ಕೆಲಸ ಹಿಂದ ಬೀಳತೈತಿ. ಹಾಲು ಐದಾರು ತಾಸಿಗೇ ಒಡದು ನೀರು ಬ್ಯಾರೆ ಗಟ್ಟಿ ಬ್ಯಾರೆ ಆಗ್ತೈತಿ, ಉಳಿದ ಹೊತ್ತೆಲ್ಲಾ ಗ್ರೇನ್ಸ್ ಆ ಹುಳಿ ನೀರಾಗ ಸುಮ್ನ ನೆನಕೊಂತ ಬಿದ್ದಿರ್ತಾವು. ಹಿಂಗ ವಾರಗಟ್ಟಲೆ ನಡದ್ರ ಕಾಳು ಸಣ್ಣ ಆಗ್ತಾವು, ಲೋಳಿ ಲೋಳಿ ಆಗ್ತಾವು, ವಾಸನಿ ಬೀರಿನಂಗ ಬರ್ತೈತಿ.

ಅದಕ್ಕ ನಾ ಬ್ಯಾಸಗ್ಯಾಗ ಮೊದಲು ಬದಲಿ ಮಾಡೋದು ಟೈಮ್ ಅಲ್ಲ, ಪ್ರಮಾಣ. ಚಳಿಗಾಲದಾಗ 20 ಗ್ರಾಂ ಗ್ರೇನ್ಸಿಗೆ 400 ಎಂಎಲ್ ಹಾಲು ಹಾಕ್ತಿದ್ರ, ಏಪ್ರಿಲ್ ಮೇದಾಗ 10 ಗ್ರಾಂ ಗ್ರೇನ್ಸಿಗೆ 500 ಎಂಎಲ್. ಅಂದ್ರ ನೂರಕ್ಕ ಐದು ಇದ್ದದ್ದು ನೂರಕ್ಕ ಎರಡಕ್ಕ ಇಳೀತು. ಕಾಳು ಕಡಿಮಿ, ಹಾಲು ಜಾಸ್ತಿ, ಹಂಗಾಗಿ ಹುಳಿ ಏರಾಕ ಹೊತ್ತು ಹಿಡೀತೈತಿ. ಹೆಚ್ಚಿಗಿ ಆದ ಗ್ರೇನ್ಸ್ ಯಾರಿಗರೆ ಕೊಡ್ರಿ ಇಲ್ಲಾ ಫ್ರಿಜ್ಜಿನಾಗ ಬ್ಯಾರೆ ಬಾಟ್ಲಿಯೊಳಗ ಇಡ್ರಿ, ಪಾಪ ಬೆಳದಾವು ಅಂತ ಎಲ್ಲಾ ಒಂದ ಬಾಟ್ಲಿಗೆ ಹಾಕಬ್ಯಾಡ್ರಿ, ಬ್ಯಾಸಗ್ಯಾಗ ಹೆಚ್ಚು ಜನ ಗ್ರೇನ್ಸ್ ಕಳ್ಕೊಳ್ಳೋದು ಇಲ್ಲೇ.

ಎರಡನೇದು, ಹಗಲು ಹೊರಗ ಇಡೋದ ಬಿಟ್ಟೀನಿ. ರಾತ್ರಿ ಒಂಬತ್ತಕ್ಕ ಹಾಕೋದು, ಅದೂ ಕಾಸಿ ಆರಿಸಿ ಫ್ರಿಜ್ಜಿನಾಗ ಇಟ್ಟ ತಣ್ಣನ್ನ ಹಾಲು, ಅದು ರೂಮಿನ ಶಾಖಕ್ಕ ಬರಾಕ ಹೊತ್ತು ಹಿಡೀತೈತಲ್ಲ, ಅಷ್ಟು ನಮಗ ಲಾಭ. ಬೆಳಿಗ್ಗೆ ಆರಕ್ಕ ಎದ್ದು ಸೋಸೋದು, ಗ್ರೇನ್ಸ್ ಹೊಸಾ ಹಾಲಿನಾಗ ಹಾಕಿ ಹಗಲೆಲ್ಲಾ ಫ್ರಿಜ್ಜಿನಾಗ ಇಡೋದು. ಹಾಲು ಕಾಸಿದ ಮ್ಯಾಲೆ ಪೂರ್ತಿ ಆರಬೇಕು ನೋಡ್ರಿ, ಮಸರಿಗೆ ಹೆಪ್ಪು ಹಾಕೋ ಅಂದಾಜು ಉಗುರುಬೆಚ್ಚಗಿನ ಹಾಲು ಇದಕ್ಕ ಆಗೂದಿಲ್ಲ, ಮಸರಿನ ಬ್ಯಾಕ್ಟೀರಿಯಾಕ್ಕ 42 ಡಿಗ್ರಿ ಸೇರತೈತಿ, ಇದಕ್ಕ ಅಲ್ಲ.

ರಾತ್ರಿನೂ ಭಾಳ ಕುದಿ ಇದ್ರ ಒಂದು ಅಗಲ ಮಣ್ಣಿನ ತಾಟಿನಾಗ ಎರಡು ಬೆರಳು ನೀರು ಹಾಕಿ ಬಾಟ್ಲಿ ಅದರಾಗ ನಿಲ್ಲಿಸಿ, ಒದ್ದಿ ಹತ್ತಿ ಅರಿವಿ ಸುತ್ತಿ ಅದರ ತುದಿ ನೀರಾಗ ಮುಳುಗಿರೋಹಂಗ ಬಿಡ್ತೀನಿ, ಕಿಡಕಿ ಹತ್ರ ಗಾಳಿಗೆ. ನಮ್ಮ ಕಡೆ ಬ್ಯಾಸಗಿ ಗಾಳಿ ಒಣಾ ಇರೋದ್ರಿಂದ ನೀರು ಲಗೂನ ಆರಿ ಬಾಟ್ಲಿ ಐದಾರು ಡಿಗ್ರಿ ತಣ್ಣಗ ಆಗ್ತೈತಿ. ಮಳಿಗಾಲದಾಗ ಇದು ನಡ್ಯೂದಿಲ್ಲ, ಗಾಳ್ಯಾಗ ಪಸಿ ಇದ್ರ ಅರಿವಿ ಒದ್ದಿನ ಉಳೀತೈತಿ ಹೊರತು ತಂಪು ಆಗೂದಿಲ್ಲ.

ಆತು ಅಂತ ತಿಳಿಯೋದು ಹೆಂಗ ಅಂದ್ರ ಬಾಟ್ಲಿ ಸ್ವಲ್ಪ ವಾಲಿಸಿ ನೋಡ್ರಿ. ಹಾಲು ನೀರಿನಂಗ ಹರದ್ರ ಇನ್ನೂ ಆಗಿಲ್ಲ. ಒಂದ ಗಟ್ಟಿ ಮುದ್ದಿ ಹಂಗ ಅಂಚು ಬಿಟ್ಟು ಅಲುಗಾಡಿದ್ರ, ಮತ್ತ ತಳದಾಗ ಇಲ್ಲಾ ಗ್ರೇನ್ಸ್ ಕೆಳಗ ಅಲ್ಲೊಂದು ಇಲ್ಲೊಂದು ತಿಳಿನೀರಿನ ಸಣ್ಣ ಗುಳ್ಳಿ ಕಾಣಾಕ ಶುರು ಆಗಿದ್ರ, ಅದ ಹೊತ್ತು. ಅರ್ಧ ಬಾಟ್ಲಿ ಹಳದಿ ನೀರು ನಿಂತಿದ್ರ ಹೊತ್ತು ಮೀರೈತಿ. ಮೀರಿದ್ರೂ ಕುಡಿಯಾಕ ಅಡ್ಡಿ ಇಲ್ಲ, ಹುಳಿ ಜಾಸ್ತಿ ಅಷ್ಟ, ಆದ್ರ ಮರುದಿನ ಕಾಳು ಇನ್ನೂ ಕಡಿಮಿ ಮಾಡ್ರಿ.

ನಮ್ಮಕ್ಕ ಬೆಳಗಾವ್ಯಾಗ ಇರ್ತಾಳ, ಗ್ರೇನ್ಸ್ ನಮ್ಮ ಮನಿವ, ಹಾಲೂ ಹಂತಾದ್ದ. ಜುಲೈದಾಗ ಫೋನ್ ಮಾಡಿ, ಅಲ್ಲವಾ ನೀ ಒಂಬತ್ತು ತಾಸು ಅಂದಿ, ನಂದು ಇನ್ನೂ ಹಾಲು ಇದ್ದಂಗ ಐತೆಲ್ಲ ಅಂದ್ಲು. ಯಕ್ಕಾ ನಿಮ್ಮಲ್ಲಿ ಹೊರಗ ಜಡಿಮಳಿ ಹಿಡದೈತಿ, ಅಡಗಿಮನಿ 23 ಇದ್ದೀತು, ನೀ ನನ್ನ ಬ್ಯಾಸಗಿ ಲೆಕ್ಕ ಹಿಡೀಬ್ಯಾಡ, 20 ಗ್ರಾಮಿಗೆ 400 ಹಾಕಿ ಮರುದಿನ ಇದೇ ಹೊತ್ತಿಗೆ ನೋಡು ಅಂದೆ. ಹಂಗ ಮಾಡಿದ ಮ್ಯಾಲೆ ಸರಿ ಬಂತು. ಸುಮಾರು ಹತ್ತು ಡಿಗ್ರಿ ಏರಿದ್ರ ಹೊತ್ತು ಅರ್ಧ ಆಗ್ತೈತಿ ಅಂತ ಒಂದು ಒರಟು ಅಂದಾಜು ಇಟ್ಕೊಂಡ್ರ ಸಾಕು, ಉಳಿದಿದ್ದು ಬಾಟ್ಲಿ ಹೇಳ್ತೈತಿ.

ಈಗ ಊರಿಗೆ ಹೋಗೋ ಮಾತು. ಮೇದಾಗ ಮೈಸೂರಾಗ ಮದವಿ ಇತ್ತು, ಹೋಗಿ ಬರೋದು ಹತ್ತಿರ ಎರಡು ವಾರ. ನಾ ಯಾವಾಗ್ಲೂ ಗ್ರೇನ್ಸ್ ಎರಡು ಪಾಲು ಮಾಡ್ತೀನಿ, ಒಂದು ಮನ್ಯಾಗ, ಒಂದು ಸಂಗಾತ. ಒಂದು ಕೆಟ್ರೂ ಇನ್ನೊಂದು ಇರ್ತೈತಿ.

ಮನಿ ಪಾಲು 10 ಗ್ರಾಂ, ಅರ್ಧ ಲೀಟರ್ ಹೊಸಾ ಹಾಲಿನಾಗ ಹಾಕಿ ಫ್ರಿಜ್ಜಿನ ಹಿಂದಿನ ಮೂಲ್ಯಾಗ ಇಟ್ಟೆ, ಬಾಗಿಲದಾಗ ಅಲ್ಲ, ಅಲ್ಲಿ ಶಾಖಾ ಏರಿಳಿತ ಜಾಸ್ತಿ. ಮುಚ್ಚಳ ಪೂರ್ತಿ ಬಿಗಿ ಮಾಡಿಲ್ಲ, ತಣ್ಣಗ ಇದ್ರೂ ನಿಧಾನಕ್ಕ ಗ್ಯಾಸ್ ಬರ್ತಿರ್ತೈತಿ. ಫ್ರಿಜ್ಜಿನಾಗ ಹಿಂಗ ಎರಡು ಮೂರು ವಾರ ತಡೀತಾವು, ಅದಕ್ಕಿಂತ ಹೆಚ್ಚಾದ್ರ ಯಾರರೆ ಬಂದು ಹಾಲು ಬದಲಿ ಮಾಡಬೇಕು.

ಸಂಗಾತ ಒಯ್ಯೋದಕ್ಕ ಅಗಲ ಬಾಯಿನ ಸ್ಟೀಲ್ ಥರ್ಮಾಸ್ ತಗೊಂಡೆ, ಅರ್ಧ ಲೀಟರಿಂದು. ಹಿಂದಿನ ರಾತ್ರಿ ಐಸ್ ಟ್ರೇದಾಗ ಕಾಸಿ ಆರಿಸಿದ ಹಾಲು ಹಾಕಿ ಗಡ್ಡಿ ಕಟ್ಟಿಸಿದೆ. ನೀರಿನ ಐಸ್ ಹಾಕಿದ್ರ ಹಾಲು ತೆಳ್ಳಗ ಆಗ್ತೈತಿ, ಹಾಲಿನ ಗಡ್ಡಿ ಆದ್ರ ಕರಗಿದ್ರೂ ಹಾಲ. ಹೊರಡೋ ಮುಂದ ಥರ್ಮಾಸಿಗೆ ಐಸ್ ನೀರು ತುಂಬಿ ಸ್ವಲ್ಪ ಹೊತ್ತು ಬಿಟ್ಟು ಚೆಲ್ಲಿದೆ, ಒಳಗಿನ ಗ್ವಾಡಿ ತಣ್ಣಗ ಆಗ್ಲಿ ಅಂತ. ಆಮ್ಯಾಲೆ 10 ಗ್ರಾಂ ಗ್ರೇನ್ಸ್, 250 ಎಂಎಲ್ ಫ್ರಿಜ್ಜಿನ ಹಾಲು, ಮ್ಯಾಲೆ ನಾಲ್ಕೈದು ಹಾಲಿನ ಗಡ್ಡಿ. ಮ್ಯಾಲೆ ಮೂರು ಬೆರಳು ಖಾಲಿ ಬಿಟ್ಟೆ, ಅಂಚಿನ ತನಕ ತುಂಬಿದ್ರ ಗ್ಯಾಸಿಗೆ ಜಾಗ ಇರೂದಿಲ್ಲ, ತೆಗಿಯೋ ಮುಂದ ಮುಖದ ಮ್ಯಾಲೆ ಚಿಮ್ಮತೈತಿ. ಸಂಜಿಗೆ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದ್ವಿ, ಬಾಗಲಕೋಟಿ ದಾಟಿದ ಮ್ಯಾಲೆ ಒಮ್ಮೆ, ಮಲಗೋ ಮುಂದ ಒಮ್ಮೆ ಮುಚ್ಚಳ ಸಡ್ಲ ಮಾಡಿ ಗ್ಯಾಸ್ ಬಿಟ್ಟೆ. ಬೆಳಿಗ್ಗೆ ಮೈಸೂರಾಗ ತೆಗದಾಗ ಹಾಲು ಇನ್ನೂ ತಣ್ಣಗ ಇತ್ತು, ಸ್ವಲ್ಪ ಹುಳಿ ಅಷ್ಟ, ಒಡದಿದ್ದಿಲ್ಲ.

ಮೈಸೂರಾಗ ಆ ಮನಿ 27 ಡಿಗ್ರಿ ಇತ್ತು. ಹಂಗಾಗಿ 10 ಗ್ರಾಮಿಗೆ 300 ಎಂಎಲ್, ಬೆಳಿಗ್ಗೆ ಹಾಕಿದ್ದು ರಾತ್ರಿ ಊಟದ ಹೊತ್ತಿಗೆ, ಅಂದ್ರ ಹದಿನಾಲ್ಕು ತಾಸಿಗೆ ಆಗ್ತಿತ್ತು. ಮದವಿ ಗದ್ಲದ ದಿನಾ ಹೊರಗ ಇಡದ ಫ್ರಿಜ್ಜಿನಾಗ ಬಿಟ್ಟೆ. ಊರು ಬದಲಿ ಆತು ಅಂದ್ರ ಮೊದಲನೇ ಬಾಟ್ಲಿ ಹಗಲಿಗೇ ಹಾಕೋದು ಚಲೋ, ಮೂರು ತಾಸಿಗೊಮ್ಮೆ ವಾಲಿಸಿ ನೋಡಬಹುದು.

ಥರ್ಮಾಸ್ ಇಲ್ಲ, ಹಗಲು ಬಸ್ಸಿನಾಗ ಹೋಗಬೇಕು ಅನ್ನೋರಿಗೆ ಹಾಲಿನಾಗ ಒಯ್ಯೋದು ಬ್ಯಾಡ. ಗ್ರೇನ್ಸ್ ಸೋಸಿ, ಒಣಾ ಸ್ವಚ್ಛ ಅರಿವಿ ಮ್ಯಾಲೆ ಮೆಲ್ಲಕ ಒತ್ತಿ ನೀರು ತೆಗದು, ಹಾಲಿನ ಪುಡಿಯೊಳಗ ಹೊಳ್ಳಾಡಿಸಿ ಜಿಪ್ ಕವರಿನಾಗ ಹಾಕ್ಕೊಂಡು ಹೋಗ್ರಿ, ಒಂದು ದಿನದ ದಾರಿಗೆ ನಡೀತೈತಿ. ಪೂರ್ತಿ ಒಣಗಿಸಿ ಇಟ್ಕೋಬೇಕಂದ್ರ ನೆರಳಾಗ ಫ್ಯಾನ್ ಕೆಳಗ, ಎರಡು ಅರಿವಿ ನಡುವ, ಬಿಸಲಾಗ ಅಲ್ಲ. ನಮ್ಮ ಮೇ ಗಾಳಿಗೆ ಎರಡು ದಿನದಾಗ ಕಟಕಟ ಅನ್ನೋಹಂಗ ಒಣಗ್ತಾವು. ಬೆಳಗಾವಿ ಮಳ್ಯಾಗ ಈ ಕೆಲಸಕ್ಕ ಕೈ ಹಾಕಬ್ಯಾಡ್ರಿ, ಒಣಗೋದಕ್ಕಿಂತ ಮೊದಲ ಬೂಸ್ಟು ಬರ್ತೈತಿ.

ತಿರುಗಿ ಬಂದ ಮ್ಯಾಲೆ ಮನಿ ಪಾಲು ತೆಗದೆ, ಹಾಲು ಗಟ್ಟಿಯಾಗಿ ಹುಳಿ ಆಗಿತ್ತು, ವಾಸನಿ ಸ್ವಚ್ಛ ಇತ್ತು. ಎಷ್ಟೋ ದಿನ ತಣ್ಣಗ ಇದ್ದ ಗ್ರೇನ್ಸಿಗೆ ಒಮ್ಮೆಲೆ ಅರ್ಧ ಲೀಟರ್ ಹಾಕಬಾರ್ದು, ಅವು ಜಡ ಆಗಿರ್ತಾವು, ಹುಳಿ ಬರಾಕ ತಡ ಆಗ್ತೈತಿ, ನಮ್ಮ ಶಾಖಕ್ಕ ಹುಳಿ ಇಲ್ಲದ ಹಾಲು ಹೊರಗ ನಿಂತ್ರ ಬ್ಯಾರೆ ಹುಳ ಬೆಳೀತಾವು. ಅದಕ್ಕ ಮೊದಲು 100 ಎಂಎಲ್, ಲಗೂನ ಹುಳಿ ಆಗ್ಲಿ ಅಂತ. ಅದು ಗಿಡಕ್ಕ ಹಾಕಿದೆ. ಆಮ್ಯಾಲೆ 200, ಆಮ್ಯಾಲೆ 500. ಸಂಗಾತ ಒಯ್ದ ಪಾಲಿಗೆ ಇದೆಲ್ಲಾ ಬೇಕಾಗ್ಲಿಲ್ಲ, ಮೊದಲ ರಾತ್ರಿನೇ ಅರ್ಧ ಲೀಟರ್ ಸರಿಯಾಗಿ ಹಿಡೀತು. ಹತ್ತು ಹನ್ನೆರಡು ತಾಸು ಬೆಚ್ಚಗಿನ ರೂಮಿನಾಗ ಇಟ್ರೂ ಹುಳಿ ವಾಸನಿನೇ ಇಲ್ಲ, ಹಾಲು ಹಾಲಾಗೇ ಐತಿ ಅಂದ್ರ ಆ ಹಾಲು ರುಚಿ ನೋಡಾಕೂ ಹೋಗಬ್ಯಾಡ್ರಿ, ಚೆಲ್ರಿ, ಹೊಸಾದು ಇನ್ನೂ ಕಡಿಮಿ ಹಾಕಿ ನೋಡ್ರಿ.

ಲೋಳಿ ಆದ ಕಾಳಿನ ಬಗ್ಗೆ ಕೇಳೋರು ಭಾಳ. ನಳದ ನೀರಾಗ ತಿಕ್ಕಿ ತೊಳ್ಯೋದ್ರಿಂದ ಏನೂ ಸರಿ ಆಗೂದಿಲ್ಲ, ಕ್ಲೋರಿನ್ ಅವುಕ್ಕ ಆಗಬರೂದಿಲ್ಲ. ತಣ್ಣನ್ನ ಹಾಲಿನಾಗ ಒಮ್ಮೆ ಅಲಗಾಡಿಸಿ, ಕಾಳು ಕಡಿಮಿ ಮಾಡಿ, ಒಂದು ವಾರ ಹೊತ್ತು ಮೀರದಂಗ ಸೋಸಿದ್ರ ತಾವ ಗಟ್ಟಿ ಆಗ್ತಾವು. ಆದ್ರ ಗುಲಾಬಿ ಇಲ್ಲಾ ಕಿತ್ತಳಿ ಬಣ್ಣ ಕಂಡ್ರ, ಮ್ಯಾಲೆ ನೂಲಿನಂಥ ಬೂಸ್ಟು ಎದ್ದಿದ್ರ, ಅದನ್ನ ತೊಳದು ಉಳಸ್ಕೊಳ್ಳಾಕ ಬರೂದಿಲ್ಲ, ಹಾಲು ಗ್ರೇನ್ಸ್ ಎರಡೂ ಚೆಲ್ಲಿ, ಬಾಟ್ಲಿ ಕುದಿಯೋ ನೀರಾಗ ತೊಳದು, ಇನ್ನೊಂದು ಪಾಲಿನಿಂದ ಶುರು ಮಾಡ್ರಿ.

ಜೂನ್ ಮಳಿ ಬಿದ್ದು ರಾತ್ರಿ ರೂಮ್ 27-28ಕ್ಕ ಇಳೀತಂದ್ರ ನಾ ಹಾಲು 500ರಿಂದ 300ಕ್ಕ ತರ್ತೀನಿ, ಕಾಳು ಅಷ್ಟ ಇರ್ತಾವು, ಹಗಲು ಫ್ರಿಜ್ಜಿನಾಗ ಇಡೋದೂ ಆವಾಗ ಬಿಡ್ತೀನಿ.