ಮೊದಲು ನಷ್ಟದ ಲೆಕ್ಕ, ಆಮೇಲೆ ಷೇರಿನ ಲೆಕ್ಕ

ಇವತ್ತು ಟ್ರೇಡಿಂಗ್ ಡೆಸ್ಕಿಗೆ ಸೇರಿದ ನೀವು, ಎಷ್ಟು ಷೇರು ಕೊಳ್ಳಬೇಕೆಂದು ಯೋಚಿಸುವ ಮೊದಲು ಯಾವ ಬೆಲೆಗೆ ಹೊರಬರುತ್ತೀರೆಂದು ಬರೆದಿಟ್ಟುಕೊಳ್ಳಿ. ಒಂದು ವಹಿವಾಟಿನಲ್ಲಿ ಕಳೆದುಕೊಳ್ಳಬಹುದಾದ ಮೊತ್ತವನ್ನು, ಕೊಳ್ಳುವ ಬೆಲೆಗೂ ಆ ಹೊರಬರುವ ಬೆಲೆಗೂ, ಅಂದರೆ ಸ್ಟಾಪ್‌ಲಾಸ್‌ಗೂ, ಇರುವ ಅಂತರದಿಂದ ಭಾಗಿಸಿ; ಬಂದದ್ದೇ ಷೇರಿನ ಸಂಖ್ಯೆ. ದಿನದ ನಷ್ಟದ ಮಿತಿ 10,000 ಇದ್ದರೆ ಒಂದು ವಹಿವಾಟಿಗೆ ಕಾಲುಭಾಗ, ಅಂದರೆ 2,500 ಸಾಕು. 500ಕ್ಕೆ ಕೊಂಡು 490ಕ್ಕೆ ಸ್ಟಾಪ್ ಇಟ್ಟರೆ 250 ಷೇರು, 480ಕ್ಕೆ ಇಟ್ಟರೆ 125. ಸ್ಟಾಪ್ ದೂರವಿದ್ದಷ್ಟೂ ಷೇರು ಕಡಿಮೆ, ಹಾಗಾಗಿ ನಷ್ಟ ಅಷ್ಟೇ ಉಳಿಯುತ್ತದೆ. ಕೊಂಡ ಮೇಲೆ ಸ್ಟಾಪನ್ನು ಕೆಳಗೆ ಸರಿಸಿದಿರೋ, ಈ ಲೆಕ್ಕ ಅಲ್ಲಿಗೆ ಮುಗಿಯಿತು, ದಯವಿಟ್ಟು ಸರಿಸಬೇಡಿ. ರಾತ್ರಿ ಕಳೆದು ಬೆಲೆ ನೇರ 470ಕ್ಕೆ ತೆರೆದರೆ ಮಾತ್ರ ಸ್ಟಾಪ್ ನಿಮ್ಮನ್ನು ಕಾಪಾಡುವುದಿಲ್ಲ, 250 ಷೇರಿಗೆ 7,500 ಹೋಗುತ್ತದೆ. ಮರುದಿನಕ್ಕೆ ಉಳಿಸಿಕೊಳ್ಳುವುದಾದರೆ ಅಂಥ ಜಿಗಿತವನ್ನೇ ಅಂತರವೆಂದು ಹಿಡಿದು ಭಾಗಿಸಿ.