ಚಪ್ಪಟೆ ಡಕ್ಟ್, 4A/P ಮತ್ತು ನನ್ನ ಎರಡು ಎಡವಟ್ಟು

ಮಂಡ್ಯದ ಒಂದು ಕಲ್ಯಾಣ ಮಂಟಪಕ್ಕೆ ಡಕ್ಟ್ ಹಾಕಿದ್ದೆ. ತೊಲೆಯ ಕೆಳಗೆ ಜಾಗ ಕಡಿಮೆ, ದುಂಡು ಡಕ್ಟ್ ಕೂರುವುದಿಲ್ಲ. ಅದಕ್ಕೇ 1000 ಮಿ.ಮೀ. ಅಗಲ, 200 ಮಿ.ಮೀ. ಎತ್ತರದ ಚಪ್ಪಟೆ ತಗಡಿನ ಡಕ್ಟ್. ಉದ್ದ 30 ಮೀಟರ್. ಸೆಕೆಂಡಿಗೆ 1.2 ಘನ ಮೀಟರ್ ಗಾಳಿ ಬೇಕಿತ್ತು.

ಚಪ್ಪಟೆ ಡಕ್ಟ್‌ಗೆ ವ್ಯಾಸ ಎಲ್ಲಿಂದ ತರುವುದು? ಹೈಡ್ರಾಲಿಕ್ ಡಯಾಮೀಟರ್ ಸೂತ್ರ ಹಾಕಿದೆ. A ಅಂದರೆ ಡಕ್ಟ್ ಬಾಯಿಯ ವಿಸ್ತೀರ್ಣ, P ಅದರ ಸುತ್ತಳತೆ:

```
Dh = 4A/P = 4 × 0.2 / 2.4 = 0.333 m
```

ಇಷ್ಟು ಸರಿ. ಆಮೇಲೆ ಮಾಡಿದ್ದು ಎಡವಟ್ಟು. 333 ಮಿ.ಮೀ. ದುಂಡು ಡಕ್ಟ್‌ನಲ್ಲೇ 1.2 ಘನ ಮೀಟರ್ ಹೋಗುತ್ತದೆ ಅಂತ ಚಾರ್ಟ್ ನೋಡಿದೆ. ಘರ್ಷಣೆಯಿಂದ ಆಗುವ ಒತ್ತಡ ನಷ್ಟ ಮೀಟರಿಗೆ 5.6 ಪಾಸ್ಕಲ್ ಬಂತು. 30 ಮೀಟರಿಗೆ ಸುಮಾರು 170. ಅದಕ್ಕೆ ತಕ್ಕ ಫ್ಯಾನ್ ತರಿಸಿದೆ. ಚಾಲೂ ಮಾಡಿದ ದಿನ ಗ್ರಿಲ್‌ಗಳೆಲ್ಲ ಶಿಳ್ಳೆ ಹೊಡೆದವು. "ವಾಲಗಾನೇ ಕೇಳಲ್ಲ ಸ್ವಾಮಿ" ಅಂದರು ಮಂಟಪದವರು.

ತಪ್ಪು ಇದು: Dh ನಿಜವಾದ ಪೈಪ್ ಅಲ್ಲ. 333 ಮಿ.ಮೀ. ವೃತ್ತದ ವಿಸ್ತೀರ್ಣ ಬರೀ 0.087 ಚದರ ಮೀಟರ್. ನನ್ನ ಡಕ್ಟ್‌ನದು 0.2. ನಾನು ಲೆಕ್ಕದಲ್ಲಿ ಗಾಳಿಯನ್ನು 13.75 ಮೀಟರ್ ವೇಗದಲ್ಲಿ ಓಡಿಸಿದ್ದೆ. ನಿಜವಾಗಿ ಅದು ಹೋಗುವುದು 1.2/0.2, ಅಂದರೆ ಸೆಕೆಂಡಿಗೆ 6 ಮೀಟರ್. ಡಕ್ಟ್‌ನ ನಿಜವಾದ ವೇಗವನ್ನೇ ಇಟ್ಟುಕೊಂಡು, ವ್ಯಾಸದ ಜಾಗದಲ್ಲಿ ಮಾತ್ರ Dh ಹಾಕಬೇಕು. f ಘರ್ಷಣೆಯ ಅಂಕ, ρ ಗಾಳಿಯ ಸಾಂದ್ರತೆ, V ವೇಗ:

```
Δp/L = (f/Dh) × ρV²/2
     = (0.0194/0.333) × 1.1 × 6²/2 ≈ 1.15 Pa/m
```

ಸುಮಾರು ಐದು ಪಟ್ಟು ವ್ಯತ್ಯಾಸ! ಫ್ಯಾನ್ ಬೇಕಾದ್ದಕ್ಕಿಂತ ಜೋರಾಗಿತ್ತು, ಅದಕ್ಕೇ ಆ ಶಿಳ್ಳೆ. (ನಮ್ಮ ಕಡೆ ಊರು ಎತ್ತರದಲ್ಲಿದೆ, ಗಾಳಿ ತುಸು ಹಗುರ. ಅದಕ್ಕೇ 1.2 ಬದಲು 1.1 ಹಾಕಿದ್ದೇನೆ.) ಚಾರ್ಟ್‌ನಲ್ಲೇ ನೋಡಬೇಕು ಅಂದರೆ ಬೇರೆ ವ್ಯಾಸ ಬೇಕು. ಅಷ್ಟೇ ಗಾಳಿಗೆ ಅಷ್ಟೇ ಘರ್ಷಣೆ ಕೊಡುವ ದುಂಡು ಡಕ್ಟ್‌ನ ವ್ಯಾಸ ಅದು. a ಅಗಲ, b ಎತ್ತರ:

```
De = 1.30 (ab)^0.625 / (a+b)^0.25 = 0.454 m
```

454 ಮಿ.ಮೀ. ಹಿಡಿದು ನೋಡಿದರೆ ಮೀಟರಿಗೆ 1.17 ಪಾಸ್ಕಲ್ ಬಂತು. ಎರಡೂ ದಾರಿ ಒಂದೇ ಊರಿಗೆ. De ಜೊತೆ ಗಾಳಿಯ ಪ್ರಮಾಣ, Dh ಜೊತೆ ನಿಜವಾದ ವೇಗ. ಅದಲು ಬದಲು ಮಾಡಿದರೆ ನನ್ನ ಗತಿಯೇ. ಫ್ಯಾನ್ ಬೆಲ್ಟ್‌ನದ್ದಾಗಿತ್ತು, ಪುಲ್ಲಿ ಬದಲಿಸಿ ವೇಗ ಇಳಿಸಿ ಬಚಾವಾದೆ.

ಇಲ್ಲಿ ಸೂತ್ರದ ತಪ್ಪೇನೂ ಇರಲಿಲ್ಲ. ಸೂತ್ರವೇ ಕೈಕೊಟ್ಟಿದ್ದು ಮೈಸೂರಿನ ನನ್ನ ಶೆಡ್‌ನಲ್ಲಿ. ಹೊರಹೋಗುವ ಬಿಸಿಗಾಳಿಯಿಂದ ಶಾಖ ಹಿಡಿಯೋಣ ಅಂತ ಅಲ್ಯೂಮಿನಿಯಂ ತಗಡುಗಳನ್ನು 3 ಮಿ.ಮೀ. ಸಂದು ಬಿಟ್ಟು ಜೋಡಿಸಿದ್ದೆ. ಸಂದಿನ ಉದ್ದ 40 ಸೆಂ.ಮೀ. ವೇಗ ಸೆಕೆಂಡಿಗೆ 2 ಮೀಟರ್. ಅಗಲವಾದ ಸಂದಿಗೆ Dh ಅಂದರೆ ಸಂದಿನ ಎರಡರಷ್ಟು, 6 ಮಿ.ಮೀ. ಹರಿವು ಶಾಂತವೋ ಸುಳಿಸುಳಿಯೋ ಅಂತ ಹೇಳುವ ರೆನಾಲ್ಡ್ಸ್ ಸಂಖ್ಯೆ ಸುಮಾರು 720 ಬಂತು. ಹರಿವು ಲ್ಯಾಮಿನಾರ್, ಅಂದರೆ ಪದರ ಪದರವಾಗಿ ಶಾಂತವಾಗಿ ಸಾಗುವಂಥದ್ದು. ದುಂಡು ಪೈಪಿನ ಸೂತ್ರ f = 64/Re ಹಾಕಿದರೆ 13 ಪಾಸ್ಕಲ್. ಓರೆ ಮಾನೋಮೀಟರ್ ಇಟ್ಟು ನೋಡಿದರೆ 22!

ಪೈಪ್ ಸೋರುತ್ತಿದೆಯೇನೋ ಅಂತ ಅರ್ಧ ದಿನ ಟೇಪ್ ಸುತ್ತಿದೆ. ಸುಮ್ನೆ ಕೆಲಸ. 64 ಅನ್ನುವುದು ವೃತ್ತಕ್ಕೆ ಮಾತ್ರ. ಎರಡು ಸಮಾನಾಂತರ ತಗಡುಗಳ ನಡುವೆ ಅದು 96. ಚೌಕಕ್ಕೆ ಸುಮಾರು 57, ಸಮಬಾಹು ತ್ರಿಕೋನಕ್ಕೆ 53. ಅಂದರೆ Dh ಲೆಕ್ಕ ಚಪ್ಪಟೆ ಸಂದಿಗೆ ಕಡಿಮೆ ಹೇಳುತ್ತದೆ, ಚೌಕ, ತ್ರಿಕೋನಕ್ಕೆ ಜಾಸ್ತಿ ಹೇಳುತ್ತದೆ. 96 ಹಾಕಿದಾಗ ನನ್ನ ಉತ್ತರ 19.6 ಆಯಿತು. ಉಳಿದ ಎರಡೂವರೆ ಪಾಸ್ಕಲ್ ಗಾಳಿ ಸಂದಿನೊಳಗೆ ನುಗ್ಗುವಾಗ, ಹೊರಬರುವಾಗ ಆಗುವ ನಷ್ಟ.

ಮಂಟಪದಲ್ಲಿ ನಡೆದ ಸೂತ್ರ ಇಲ್ಲಿ ಯಾಕೆ ನಡೆಯಲಿಲ್ಲ? 4A/P ಬರೀ ಬಲದ ಲೆಕ್ಕ. ಗಾಳಿಯನ್ನು ತಳ್ಳುವ ಒತ್ತಡ A ಮೇಲೆ, ತಡೆಯುವ ಗೋಡೆಯ ಉಜ್ಜಾಟ P ಮೇಲೆ. ಆದರೆ ಗೋಡೆ ಎಷ್ಟು ಉಜ್ಜುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ. ಸುಳಿಸುಳಿಯಾದ ಟರ್ಬುಲೆಂಟ್ ಹರಿವಿನಲ್ಲಿ (ನನ್ನ ಡಕ್ಟ್‌ನಲ್ಲಿ ರೆನಾಲ್ಡ್ಸ್ ಸಂಖ್ಯೆ 1,20,000) ಗೋಡೆಯಿಂದ ನಡುವಿನ ಕಡೆಗೆ ವೇಗ ಏರುವುದೆಲ್ಲ ಗೋಡೆಯ ಪಕ್ಕದ ತೆಳುವಾದ ಪದರದಲ್ಲೇ ಹೆಚ್ಚುಕಡಿಮೆ ಮುಗಿಯುತ್ತದೆ. ನಡುವಿನ ಗಾಳಿಗೆ ಗೋಡೆ ದುಂಡೋ ಚಪ್ಪಟೆಯೋ ಅಷ್ಟಾಗಿ ಗೊತ್ತಾಗುವುದಿಲ್ಲ. ಲ್ಯಾಮಿನಾರ್‌ನಲ್ಲಿ ಗೋಡೆಯ ಹಿಡಿತ ನಟ್ಟನಡುವಿನವರೆಗೂ ಮುಟ್ಟುತ್ತದೆ. ಆಗ ಆಕಾರವೇ ಎಲ್ಲ.

ಟರ್ಬುಲೆಂಟ್‌ನಲ್ಲೂ ಚೂಪು ಮೂಲೆ ಇದ್ದರೆ ಹುಷಾರು. ಇಳಿಜಾರು ಚಾವಣಿಯ ಕೆಳಗೆ ತ್ರಿಕೋನ ಡಕ್ಟ್ ಮಾಡಿಕೊಡಿ ಅಂತ ಒಬ್ಬರು ಕೇಳಿದ್ದರು. ಆ ಚೂಪು ತುದಿಯಲ್ಲಿ ಗಾಳಿ ಹೆಚ್ಚುಕಡಿಮೆ ನಿಂತೇ ಇರುತ್ತದೆ, ಉಜ್ಜಾಟವೂ ಕಡಿಮೆ. ಆದರೂ P ಲೆಕ್ಕದಲ್ಲಿ ಆ ಅಂಚು ಪೂರ್ತಿ ಸೇರಿಬಿಡುತ್ತದೆ. ನಾನು ಆ ಮೂಲೆಗೆ ತಗಡು ಅಡ್ಡ ಹಾಕಿ ಮುಚ್ಚಿ, ನಾಲ್ಕು ಮೂಲೆಯ ಡಕ್ಟ್ ಮಾಡಿಕೊಟ್ಟೆ.