ಲೇಆಫ್ ಎಂದಾಗ ‘ರಿಸೈನ್’ ಬಟನ್ ಒತ್ತುವ ಮುಂಚೆ

“ನಿಮ್ಮ ರೋಲ್ ಇನ್ನು ಮುಂದೆ ಇರಲ್ಲ. ಇವತ್ತೇ ಪೋರ್ಟಲ್‌ನಲ್ಲಿ ರಿಸೈನ್ ಹಾಕಿಬಿಡಿ. ಎರಡು ತಿಂಗಳ ಸಂಬಳ ಕೊಡ್ತೀವಿ, ರೆಕಾರ್ಡೂ ಕ್ಲೀನ್ ಆಗಿರುತ್ತೆ.” ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಲೇಆಫ್ ಸುದ್ದಿ ಬಂದ ಮೇಲೆ ಮೀಟಿಂಗ್ ರೂಮಿಗೆ ಕರೆದು ಎಚ್‌ಆರ್ ಹೇಳುವುದು ಹೆಚ್ಚುಕಡಿಮೆ ಇದೇ ಮಾತು. ಕೇಳಲು ಸಹಾಯದ ಹಾಗಿದೆ. ಆದರೆ ಇಡೀ ಚೌಕಾಸಿಯಲ್ಲಿ ನಿಮ್ಮ ಕೈಯಲ್ಲಿರುವ ದೊಡ್ಡ ವಸ್ತು ಆ ರಾಜೀನಾಮೆಯೇ. ಅದನ್ನು ಮೊದಲ ದಿನವೇ ಕೊಟ್ಟುಬಿಟ್ಟರೆ ಆಮೇಲೆ ಕೇಳಲು ಏನೂ ಉಳಿಯುವುದಿಲ್ಲ.

ಯಾಕೆ ಅಂತೀರಾ? ಕಂಪನಿ ತನ್ನ ಕಾರಣಕ್ಕೆ ಕೆಲಸದಿಂದ ತೆಗೆದರೆ ಅದು ಕಾನೂನಿನ ಕಣ್ಣಲ್ಲಿ ರಿಟ್ರೆಂಚ್‌ಮೆಂಟ್. ಒಂದು ವರ್ಷ ಸತತವಾಗಿ ದುಡಿದವರಿಗೆ ಒಂದು ತಿಂಗಳ ಲಿಖಿತ ನೋಟಿಸ್ ಅಥವಾ ಅಷ್ಟು ದಿನದ ವೇತನ ಕೊಡಬೇಕು. ಅದರ ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನ ಪರಿಹಾರವಾಗಿ ಸಿಗಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ನಿಯಮ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೆ. ನೀವಾಗಿಯೇ ರಾಜೀನಾಮೆ ಕೊಟ್ಟರೆ ಇದ್ಯಾವುದೂ ಅನ್ವಯಿಸುವುದಿಲ್ಲ. ಕಂಪನಿ ಅಷ್ಟು ಅವಸರ ಮಾಡುವುದು ಇದಕ್ಕೇ.

“ಇದೆಲ್ಲ ಫ್ಯಾಕ್ಟರಿಯವರಿಗೆ, ಐಟಿಯವರಿಗಲ್ಲ” ಎಂದು ಕೆಲವರು ಹೇಳುತ್ತಾರೆ. ಅದು ತಪ್ಪು. ಮುಖ್ಯವಾಗಿ ಆಡಳಿತ ನಡೆಸುವವರು, ಮ್ಯಾನೇಜ್ ಮಾಡುವವರು ಕಾರ್ಮಿಕರ ವ್ಯಾಖ್ಯೆಯಿಂದ ಹೊರಗೆ. ತಿಂಗಳಿಗೆ 18,000 ರೂಪಾಯಿಗಿಂತ ಜಾಸ್ತಿ ಪಡೆಯುವ ಮೇಲ್ವಿಚಾರಕರೂ ಹೊರಗೆ. ಆದರೆ ಕೋಡ್ ಬರೆಯುವ, ಟೆಸ್ಟ್ ಮಾಡುವ, ಸಪೋರ್ಟ್ ಕೊಡುವ ತಾಂತ್ರಿಕ ಕೆಲಸಕ್ಕೆ ಸಂಬಳದ ಮಿತಿ ಇಲ್ಲ. ಕಾರ್ಡಿನ ಮೇಲೆ ‘ಲೀಡ್’ ಅಂತ ಇದೆಯೋ ಇಲ್ಲವೋ ಎಂಬುದಲ್ಲ, ದಿನವಿಡೀ ನಿಜವಾಗಿ ಏನು ಮಾಡುತ್ತೀರಿ ಎಂಬುದು ಲೆಕ್ಕಕ್ಕೆ ಬರುತ್ತದೆ. ನಿಜವಾದ ಮ್ಯಾನೇಜರ್‌ಗಳಿಗೆ ಮಾತ್ರ ಈ ಬಲ ಇಲ್ಲ. ಅವರು ಆಫರ್ ಲೆಟರ್‌ನ ಷರತ್ತುಗಳನ್ನೇ ಹಿಡಿದು ಮಾತಾಡಬೇಕು.

ಮೊದಲ ಮೀಟಿಂಗ್‌ನಲ್ಲಿ

ಸಹಿ ಬೇಡ, ಕ್ಲಿಕ್ ಬೇಡ, ಜಗಳವೂ ಬೇಡ. “ನೀವು ಹೇಳಿದ್ದು ಅರ್ಥವಾಯಿತು. ಇದನ್ನೆಲ್ಲ ಮೇಲ್‌ನಲ್ಲಿ ಕಳಿಸಿ, ಓದಿ ಉತ್ತರ ಕೊಡುತ್ತೇನೆ” ಎಂದರೆ ಸಾಕು. “ಇವತ್ತು ಸಂಜೆ ಆರರೊಳಗೆ ಒಪ್ಪದಿದ್ದರೆ ಈ ಆಫರ್ ಇರಲ್ಲ” ಎಂಬ ಮಾತು ಬರಬಹುದು. ಎಷ್ಟೋ ಸಲ ಅದು ಸುಮ್ನೆ ಹೆದರಿಸುವ ಮಾತು. ಆ ಗಡುವನ್ನೂ ಮೇಲ್‌ನಲ್ಲಿ ಬರೆದು ಕೊಡಿ ಎಂದು ಕೇಳಿ ನೋಡಿ.

ಅವರು ಮೇಲ್ ಕಳಿಸದಿದ್ದರೆ ನೀವೇ ಕಳಿಸಿ: ಇಂದು ಇಷ್ಟು ಗಂಟೆಗೆ ಇಂಥವರು ನನ್ನನ್ನು ಕರೆದು ಹುದ್ದೆ ಹೋಗುತ್ತಿದೆ ಎಂದರು, ರಾಜೀನಾಮೆ ಕೊಡಲು ಹೇಳಿದರು, ನಾನು ರಾಜೀನಾಮೆ ಕೊಟ್ಟಿಲ್ಲ. ನಾಲ್ಕು ಸಾಲು ಸಾಕು. ನಿಮ್ಮ ಸ್ವಂತ ಇಮೇಲ್ ವಿಳಾಸವನ್ನೂ ಸಿಸಿಯಲ್ಲಿ ಹಾಕಿ, ಯಾಕೆಂದರೆ ಆಫೀಸ್ ಲಾಗಿನ್ ಯಾವ ಕ್ಷಣದಲ್ಲಿ ಬಂದ್ ಆಗುತ್ತೋ ಗೊತ್ತಿಲ್ಲ. ಅವತ್ತೇ ಆಫರ್ ಲೆಟರ್, ಸಂಬಳದ ಸ್ಲಿಪ್‌ಗಳು, ಅಪ್ರೈಸಲ್ ಲೆಟರ್, ಷೇರು ಕೊಟ್ಟ ಪತ್ರ, ರಜೆ ಬಾಕಿ ತೋರಿಸುವ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಿಮಗೆ ಸಂಬಂಧಿಸಿದ ಕಾಗದ ಮಾತ್ರ. ಕೋಡ್, ಕ್ಲೈಂಟ್ ಫೈಲು ಒಂದೂ ಹೊರಗೆ ಕಳಿಸಬೇಡಿ. ಹಾಗೆ ಮಾಡಿದರೆ ಲೇಆಫ್ ಇದ್ದದ್ದು ಶಿಸ್ತು ಕ್ರಮವಾಗಿ ಬದಲಾಗುತ್ತದೆ, ಬರಬೇಕಾದ ದುಡ್ಡಿಗೂ ಕುತ್ತು.

ಆಗಲೇ ಕ್ಲಿಕ್ ಮಾಡಿಬಿಟ್ಟಿದ್ದೀರಾ? ಅಂಗೀಕಾರ ಆಗುವ ಮುಂಚೆಯೇ, ಒತ್ತಡದಲ್ಲಿ ಕೊಟ್ಟಿದ್ದು, ವಾಪಸ್ ತೆಗೆದುಕೊಳ್ಳುತ್ತಿದ್ದೇನೆ ಎಂದು ಬರೆಯಿರಿ. ತಡ ಮಾಡಿದಷ್ಟೂ ಈ ಮಾತಿಗೆ ತೂಕ ಕಡಿಮೆ.

ಬರಬೇಕಾದದ್ದು ಬೇರೆ, ಕೊಡುತ್ತಿರುವುದು ಬೇರೆ

ಹೆಚ್ಚಿನವರು ಮೋಸ ಹೋಗುವುದು ಇಲ್ಲಿ. ಹೇಗಿದ್ದರೂ ಕೊಡಲೇಬೇಕಾದ ಹಣವನ್ನೇ ಒಟ್ಟುಗೂಡಿಸಿ ಕಂಪನಿ ‘ಪ್ಯಾಕೇಜ್’ ಎನ್ನುತ್ತದೆ. ಒಂದು ಉದಾಹರಣೆ ಹಿಡಿದು ಲೆಕ್ಕ ಹಾಕೋಣ.

ಒಬ್ಬ ಟೆಸ್ಟಿಂಗ್ ಎಂಜಿನಿಯರ್ ಅಂದುಕೊಳ್ಳಿ. ಸೇವೆ 6 ವರ್ಷ 8 ತಿಂಗಳು. ತಿಂಗಳ ಗ್ರಾಸ್ 1,30,000 ರೂಪಾಯಿ, ಅದರಲ್ಲಿ ಬೇಸಿಕ್ 65,000. ಆಫರ್ ಲೆಟರ್ ಪ್ರಕಾರ ಎರಡೂ ಕಡೆಗೆ ಎರಡು ತಿಂಗಳ ನೋಟಿಸ್. ರಜೆ 18 ದಿನ ಉಳಿದಿದೆ. ಕಂಪನಿ ಹೇಳಿದ್ದು “ಎರಡು ತಿಂಗಳ ಸಂಬಳ”.

ಮೊದಲ ಪ್ರಶ್ನೆ: ಯಾವ ಸಂಬಳ? ಬೇಸಿಕ್ ಆದರೆ 1,30,000. ಗ್ರಾಸ್ ಆದರೆ 2,60,000. ಒಂದೇ ಮಾತು, ವ್ಯತ್ಯಾಸ ನೇರ ಅರ್ಧಕ್ಕರ್ಧ. ನೋಟಿಸ್ ಷರತ್ತಿನಲ್ಲಿ ಯಾವ ಪದ ಇದೆ ಎಂದು ಆಫರ್ ಲೆಟರ್ ತೆಗೆದು ನೋಡಿ.

ಎರಡನೆಯದು: ಆ ಎರಡು ತಿಂಗಳು ನೋಟಿಸ್‌ನ ಹಣ. ಕರಾರಿನ ಪ್ರಕಾರ ಅದು ಹೇಗೂ ಬರಲೇಬೇಕು. ಅಂದರೆ ಕಂಪನಿ ಮೇಲಿಂದ ಕೊಡುತ್ತಿರುವುದು ಸೊನ್ನೆ.

ಇನ್ನು ಗ್ರಾಚ್ಯುಟಿ. 65,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 37,500. ಆರು ತಿಂಗಳಿಗಿಂತ ಹೆಚ್ಚಾದ ತುಂಡು ಪೂರ್ತಿ ವರ್ಷವಾಗುತ್ತದೆ, ಹಾಗಾಗಿ 7 ವರ್ಷಕ್ಕೆ 2,62,500. ಇದಕ್ಕೆ ಸಹಿ ಹಾಕಿಸಿಕೊಂಡು ಬಿಡಿಸಿಕೊಳ್ಳಲು ಕಂಪನಿಗೆ ಹಕ್ಕಿಲ್ಲ. ಬಳಸದ ರಜೆಗೆ ಬೇಸಿಕ್ ಮೇಲೆ ದಿನಕ್ಕೆ 2,500ರಂತೆ 45,000. ರಜೆ ಲೆಕ್ಕಕ್ಕೆ ಕೆಲವು ಕಂಪನಿಗಳು 26ರ ಬದಲು 30ರಿಂದ ಭಾಗಿಸುತ್ತವೆ, ಪಾಲಿಸಿ ನೋಡಿಕೊಳ್ಳಿ.

ಕೊನೆಗೆ ರಿಟ್ರೆಂಚ್‌ಮೆಂಟ್ ಪರಿಹಾರ. ಇಲ್ಲಿ 26ರ ಲೆಕ್ಕ ಇಲ್ಲ, ಅರ್ಧ ತಿಂಗಳು ಎಂದರೆ ಅರ್ಧ ತಿಂಗಳೇ. ಬೇಸಿಕ್ ಮೇಲೆ ಹಾಕಿದರೂ 32,500ರಂತೆ 7 ವರ್ಷಕ್ಕೆ 2,27,500. ಗ್ರಾಸ್ ಮೇಲೆ ಹಾಕಿದರೆ 4,55,000. ನಿಜವಾದ ಚೌಕಾಸಿ ಈ ಎರಡು ಅಂಕಿಗಳ ನಡುವೆ. ಕೆಳಗಿನದು ನಿಮ್ಮ ನೆಲ, ಮೇಲಿನದು ನೀವು ಕೇಳಲು ಶುರು ಮಾಡುವ ಜಾಗ.

ಕೇಳುವುದು ಹೇಗೆ

ಒಂದು ಪುಟದ ಮೇಲ್ ಬರೆಯಿರಿ. ಎಷ್ಟು ಕಷ್ಟಪಟ್ಟು ದುಡಿದೆ, ಮನೆ ಸಾಲ ಎಷ್ಟಿದೆ ಎಂಬುದನ್ನು ಬಿಡಿ. ಓದುವವರ ಕೈಯಲ್ಲಿ ಅದಕ್ಕೆ ಬಜೆಟ್ ಇರಲ್ಲ. ಮೇಲಿನ ಲೆಕ್ಕವನ್ನು ಸಾಲುಸಾಲಾಗಿ ಕೊಡಿ. ನಾನಾಗಿ ಬಿಡುತ್ತಿಲ್ಲ, ಒಳ್ಳೆಯ ಷರತ್ತುಗಳಿದ್ದರೆ ಪರಸ್ಪರ ಒಪ್ಪಂದದಿಂದ ಹೊರಡಲು ತಯಾರಿದ್ದೇನೆ ಎಂಬ ಒಂದು ವಾಕ್ಯ ಇರಲಿ. ಕಂಪನಿಗೆ ಬೇಕಾದ್ದು ವಿವಾದವಿಲ್ಲದ ಸಹಿ. ಆ ಸಹಿಗೆ ಬೆಲೆ ಇದೆ ಎಂದು ಈ ವಾಕ್ಯವೇ ತಿಳಿಸುತ್ತದೆ.

ಹಣದ ವಿಷಯದಲ್ಲಿ ಎಚ್‌ಆರ್ ಕೈ ಕಟ್ಟಿರಬಹುದು. “ಎಲ್ಲರಿಗೂ ಒಂದೇ ಫಾರ್ಮುಲಾ” ಎನ್ನುತ್ತಾರೆ. ಆಗ ದಿನಾಂಕದ ಕಡೆ ತಿರುಗಿ. ಕೊನೆಯ ಕೆಲಸದ ದಿನವನ್ನು ಮುಂದೆ ಹಾಕುವುದು ಅವರಿಗೆ ಸುಲಭ, ನಿಮಗೆ ಕೆಲವೊಮ್ಮೆ ದುಡ್ಡಿಗಿಂತ ದೊಡ್ಡದು. ನಿಮ್ಮ ಸೇವೆ 4 ವರ್ಷ 10 ತಿಂಗಳು ಅಂದುಕೊಳ್ಳಿ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗುವುದು 5 ವರ್ಷಕ್ಕೆ. 4 ವರ್ಷ 240 ದಿನ ಸಾಕು ಎಂಬ ಮದ್ರಾಸ್ ಹೈಕೋರ್ಟ್ ತೀರ್ಪು ಇದೆ ನಿಜ, ಆದರೆ ಅದಕ್ಕಾಗಿ ಕಂಪನಿಯ ಜೊತೆ ಗುದ್ದಾಡುವ ಬದಲು, ನೋಟಿಸ್ ಹಣ ಒಟ್ಟಿಗೆ ಬೇಡ, ಎರಡು ತಿಂಗಳು ರೋಲ್ಸ್‌ನಲ್ಲೇ ಇಡಿ, ಕೆಲಸ ಕೊಡದಿದ್ದರೂ ಪರವಾಗಿಲ್ಲ ಎಂದು ಕೇಳುವುದು ಲೇಸು. ಕಂಪನಿಗೆ ಆ ಎರಡು ತಿಂಗಳ ಖರ್ಚು ಹೆಚ್ಚುಕಡಿಮೆ ಅಷ್ಟೇ, ನಿಮಗೆ ಐದು ವರ್ಷದ ಗ್ರಾಚ್ಯುಟಿ. ಷೇರು ವೆಸ್ಟ್ ಆಗುವ ದಿನ, ಬೋನಸ್ ಕೊಡುವ ದಿನ ಹತ್ತಿರವಿದ್ದರೂ ಇದೇ ಉಪಾಯ.

ಆರೋಗ್ಯ ವಿಮೆಯೂ ಹೀಗೇ. ಗ್ರೂಪ್ ಮೆಡಿಕ್ಲೇಮ್ ಸಾಮಾನ್ಯವಾಗಿ ಕೊನೆಯ ದಿನಕ್ಕೇ ನಿಲ್ಲುತ್ತದೆ. ಅಪ್ಪ ಅಮ್ಮನಿಗೆ ಅದೇ ಆಸರೆಯಾಗಿದ್ದರೆ ಪಾಲಿಸಿ ವರ್ಷ ಮುಗಿಯುವವರೆಗೆ ಮುಂದುವರಿಸಲು ಕೇಳಿ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಅವಕಾಶವೂ ಇದೆ. ಆದರೆ ಅರ್ಜಿ ಹಾಕಬೇಕಾದ್ದು ರಕ್ಷಣೆ ನಿಲ್ಲುವ ಮುಂಚೆ, ಆಮೇಲಲ್ಲ.

ಜಾಯಿನಿಂಗ್ ಬೋನಸ್ ವಾಪಸ್ ಕೊಡಬೇಕು ಎಂಬ ಷರತ್ತಿದ್ದರೆ ಅದನ್ನು ಮನ್ನಾ ಮಾಡಿಸಿ. ಕೈಗೆ ಬಂದ ಷೇರು ಆಯ್ಕೆಗಳನ್ನು ಕೊಳ್ಳಲು 90 ದಿನ ಮಾತ್ರ ಇದ್ದರೆ ಒಂದು ವರ್ಷ ಕೇಳಿ. ಸ್ಟಾರ್ಟಪ್‌ಗಳು ಇದಕ್ಕೆ ಒಪ್ಪುವ ಸಾಧ್ಯತೆ ಇದೆ, ಅವತ್ತೇ ಜೇಬಿನಿಂದ ಹೋಗುವುದೇನೂ ಇಲ್ಲವಲ್ಲ.

ಒಪ್ಪಂದದ ಕಾಗದ ಓದುವಾಗ

ಮಾತಿನಲ್ಲಿ ಒಪ್ಪಿದ್ದು ಕಾಗದದಲ್ಲಿ ಇಲ್ಲದಿದ್ದರೆ ಅದು ಒಪ್ಪಿದ್ದಲ್ಲ. ಪ್ರತಿ ಮೊತ್ತ, ಅದರ ಲೆಕ್ಕ, ಕೊಡುವ ದಿನಾಂಕ ಅದರಲ್ಲೇ ಇರಬೇಕು. ಅಂತಿಮ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ, ಗ್ರಾಚ್ಯುಟಿಗೆ 30 ದಿನ. “45 ದಿನದಲ್ಲಿ ಎಫ್ ಆಂಡ್ ಎಫ್ ಆಗುತ್ತೆ” ಎಂಬ ಹಳೆಯ ರೂಢಿಯನ್ನು ಸುಮ್ನೆ ಒಪ್ಪಬೇಡಿ.

ಕಾರಣ ಎಂಬ ಜಾಗದಲ್ಲಿ ‘ಸ್ವಯಂ ರಾಜೀನಾಮೆ’ ಬದಲು ‘ಹುದ್ದೆ ರದ್ದು’ ಎಂದು ಬರೆಸಿ. ಮುಂದಿನ ಕಂಪನಿಯ ಬ್ಯಾಕ್‌ಗ್ರೌಂಡ್ ಚೆಕ್ ಚಿಂತೆ ಇದ್ದರೆ, ರಿಲೀವಿಂಗ್ ಲೆಟರ್‌ನಲ್ಲಿ ಹುದ್ದೆ ಮತ್ತು ಸೇವೆಯ ದಿನಾಂಕ ಮಾತ್ರ ಇರಬೇಕು, ವಿಚಾರಿಸಿದವರಿಗೂ ಅಷ್ಟೇ ಹೇಳಬೇಕು ಎಂದು ಸೇರಿಸಿ. ಆ ಲೆಟರ್‌ನ ಕರಡನ್ನು ಸಹಿಗೆ ಮುಂಚೆಯೇ ಲಗತ್ತಿಸಿಕೊಳ್ಳಿ. ಇಷ್ಟಾದರೆ ‘ಕ್ಲೀನ್ ರೆಕಾರ್ಡ್’ಗಾಗಿ ರಾಜೀನಾಮೆ ಕೊಡುವ ಅಗತ್ಯವೇ ಬೀಳಲ್ಲ, ಅಲ್ವಾ?

ಪ್ರತಿಸ್ಪರ್ಧಿ ಕಂಪನಿಗೆ ವರ್ಷವಿಡೀ ಸೇರುವಂತಿಲ್ಲ ಎಂಬ ಸಾಲು ಕಂಡರೆ ತೆಗೆಸಿ. 1872ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ, ಕೆಲಸ ಬಿಟ್ಟ ಮೇಲಿನ ಅಂಥ ನಿರ್ಬಂಧ ನಿಲ್ಲುವುದಿಲ್ಲ. ಗುಟ್ಟು ಕಾಪಾಡುವ ಷರತ್ತು ಮಾತ್ರ ನಿಲ್ಲುತ್ತದೆ.

ತೆರಿಗೆಯನ್ನೂ ಮೊದಲೇ ಕೇಳಿಕೊಳ್ಳಿ. ಗ್ರಾಚ್ಯುಟಿಗೆ 20 ಲಕ್ಷದವರೆಗೆ ವಿನಾಯಿತಿ ಇದೆ. ಕಾರ್ಮಿಕರ ರಿಟ್ರೆಂಚ್‌ಮೆಂಟ್ ಪರಿಹಾರಕ್ಕೂ 5 ಲಕ್ಷದ ಮಿತಿಯೊಳಗೆ ವಿನಾಯಿತಿ ಉಂಟು. ಅದೇ ಹಣಕ್ಕೆ ‘ಎಕ್ಸ್‌ಗ್ರೇಷಿಯಾ’ ಎಂದು ಹೆಸರಿಟ್ಟರೆ ಸಂಬಳದ ಹಾಗೆ ತೆರಿಗೆ ಬೀಳುತ್ತದೆ. ಕಾಗದದಲ್ಲಿ ಯಾವ ಹೆಸರಿದೆ ನೋಡಿ.

ಮಾತುಕತೆ ಮುರಿದರೆ

ಒಬ್ಬರೇ ಹೋಗುವುದಕ್ಕಿಂತ ಅದೇ ಪಟ್ಟಿಯಲ್ಲಿರುವ ನಾಲ್ಕೈದು ಜನ ಒಂದೇ ಲೆಕ್ಕದ ಮೇಲ್ ಕಳಿಸಿದರೆ ಉತ್ತರ ಬೇಗ ಬರುತ್ತದೆ. ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ, ಅಂದರೆ ಕಿಟು, ಇಂಥ ವಿಷಯಗಳನ್ನು ಕೈಗೆತ್ತಿಕೊಳ್ಳುತ್ತದೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕಾರ್ಮಿಕ ಇಲಾಖೆಗೆ ದೂರು ಕೊಟ್ಟರೆ ಅಧಿಕಾರಿ ಕಂಪನಿಯನ್ನು ಕರೆಸಿ ರಾಜಿ ಮಾತುಕತೆ ನಡೆಸುತ್ತಾರೆ. ಅಲ್ಲಿ ಮೊದಲು ಕೇಳುವುದೇ “ರಾಜೀನಾಮೆ ಕೊಟ್ಟಿದ್ದೀರಾ?” ಎಂದು. ಕೋರ್ಟಿನವರೆಗೆ ಹೋದರೆ ವರ್ಷಗಟ್ಟಲೆ ಹಿಡಿಯುತ್ತದೆ. ಹಾಗಾಗಿ ನೋಟಿಸ್, ಗ್ರಾಚ್ಯುಟಿ, ರಜೆಯ ಹಣ ಬಿಟ್ಟು ಕಂಪನಿ ಕೊಡುವುದು ನಿಮ್ಮ ನೆಲದ ಅಂಕಿಗಿಂತ ಸ್ವಲ್ಪ ಮೇಲಿದ್ದರೆ ತೆಗೆದುಕೊಳ್ಳಿ ಎಂದೇ ನಾನು ಹೇಳುವುದು. ಅದಕ್ಕಿಂತ ಕೆಳಗಿದ್ದರೆ, ಸಹಿಗೆ ಮುಂಚೆ ಕಾರ್ಮಿಕ ಕಾನೂನು ಗೊತ್ತಿರುವ ವಕೀಲರಿಗೆ ಕಾಗದ ತೋರಿಸಿ. ದುಡ್ಡು ಬಂದ ಮೇಲೆ ಪಿಎಫ್ ಪೋರ್ಟಲ್‌ಗೆ ಲಾಗಿನ್ ಆಗಿ, ಕೆಲಸ ಬಿಟ್ಟ ದಿನಾಂಕ ಸರಿಯಾಗಿ ಹಾಕಿದ್ದಾರೋ ನೋಡಿಕೊಳ್ಳಿ. ಹೊಸ ಕಂಪನಿಗೆ ಸೇರಿದ ದಿನಾಂಕಕ್ಕೂ ಅದಕ್ಕೂ ಡಿಕ್ಕಿಯಾದರೆ ವರ್ಗಾವಣೆ ವೇಳೆ ಸ್ಪಷ್ಟನೆ ಕೇಳಬಹುದು.